ಸೊನ್ನೆಯಣ್ಣನ ಎದೆಬಡಿತ

ಬಸ್ ಡಿಪೋದ ಗೇಟಿನಲ್ಲಿ, ಕುಡಿದಿಲ್ಲವೆಂದು ತೋರಿಸಲು ಚಾಲಕರೆಲ್ಲ ದಿನವೂ ಉಸಿರು ಊದುವ ಯಂತ್ರಕ್ಕೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಬೀಳದವನು ಅವನು. ಯಾವಾಗಲೂ ಸೊನ್ನೆ. ಹಾಗಾಗಿ ಎಲ್ಲರಿಗೂ ಅವನು ಸೊನ್ನೆಯಣ್ಣ. ಹಾಗಂತ ಕುಡಿಯುತ್ತಿರಲಿಲ್ಲವೇ? ಚೆನ್ನಾಗಿಯೇ ಕುಡಿಯುತ್ತಿದ್ದ! ಲೆಕ್ಕ ಮಾತ್ರ ಪಕ್ಕಾ. ದಿನಾ ಸಂಜೆ ಎರಡು ಪೆಗ್, ಎಂಟಕ್ಕೆ ಬಾಟಲಿ ಬಂದ್. ವಾರದ ರಜೆಯಂದು ಮಧ್ಯಾಹ್ನ ಗೆಳೆಯರ ಜೊತೆ ಎಂಟೋ ಒಂಬತ್ತೋ ಏರಿಸಿ, ಐದರೊಳಗೆ ಮುಗಿಸಿ ಮಲಗಿದರೆ ಬೆಳಗ್ಗೆ ಯಂತ್ರ ತೆಪ್ಪಗಿರುತ್ತಿತ್ತು. ಈ ಜಾಣತನದ ಬಗ್ಗೆ ಅವನಿಗಿದ್ದ ಜಂಬ ಅಷ್ಟಿಷ್ಟಲ್ಲ.

ರಜೆಯ ಮರುದಿನ ಆ ಬೆಳಗ್ಗೆಯೂ ಸೊನ್ನೆಯೇ ಬಂತು. ಆದರೆ ನಿಲ್ದಾಣಕ್ಕೆ ಬಸ್ಸು ತಂದು ನಿಲ್ಲಿಸುವಷ್ಟರಲ್ಲಿ ಎದೆ ಹದ ತಪ್ಪಿತ್ತು. ಎರಡು ಬಡಿತ ಓಡುತ್ತಿತ್ತು, ಒಂದು ತಡೆಯುತ್ತಿತ್ತು, ಮತ್ತೆ ದಡದಡ. ಕಣ್ಣು ಕತ್ತಲಿಟ್ಟಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಬಸ್ಸು ತುಂಬಾ ಜನ. ಮುಂದಿನ ಸೀಟಿನ ಅಜ್ಜಿ ಆಗಲೇ ತೂಕಡಿಸುತ್ತಿದ್ದಳು.

"ಹೊರಡೋಣ್ವಾ ಅಣ್ಣಾ?" ಎಂದ ಕಂಡಕ್ಟರ್.

ಎದೆಯ ವಿಷಯ ಬಾಯಿಬಿಟ್ಟರೆ ಬಸ್ಸು ಓಡಿಸುವ ಕೆಲಸವೇ ಕೈತಪ್ಪಬಹುದು, ಅದೊಂದೇ ಅವನಿಗೆ ಗೊತ್ತಿದ್ದ ಕೆಲಸ. ಭಯವಾಯಿತು. ಆದರೂ ಎಂಜಿನ್ ಆರಿಸಿದ.

"ಬೇರೆ ಡ್ರೈವರ್‌ನ ಕರಿ. ಇವತ್ತು ನಾನು ಓಡ್ಸಲ್ಲ."

ಡಿಪೋದ ಡಾಕ್ಟರಮ್ಮ ಇಸಿಜಿ ತೆಗೆದರು. ಕಾಗದದ ಮೇಲೆ ಗೀಟುಗಳ ನಡುವಿನ ಅಂತರ ಒಂದರ ಹಾಗೆ ಇನ್ನೊಂದಿರಲಿಲ್ಲ.

"ನಿನ್ನೆ ಎಷ್ಟು ಕುಡಿದ್ರಿ?"

"ಮಷೀನು ಸೊನ್ನೆ ತೋರ್ಸಿದೆ ಮೇಡಂ."

"ನಾನು ಮಷೀನನ್ನ ಕೇಳ್ಲಿಲ್ಲ."

"...ಒಂಬತ್ತು."

"ಒಂದೇ ಸಲ ಅಷ್ಟು ಸುರ್ಕೊಂಡ್ರೆ ಹೃದಯದ ಮೇಲಿನ ಕೋಣೆಗಳ ತಾಳ ತಪ್ಪಬಹುದು. ನಶೆ ಇಳಿದ ಮೇಲೂ ತಪ್ಪಬಹುದು. ಆಗ ಅವು ರಕ್ತಾನ ಸರಿಯಾಗಿ ದೂಡದೆ ಬರೀ ನಡುಗ್ತವೆ. ರಕ್ತ ಅಲ್ಲೇ ಹೆಪ್ಪುಗಟ್ಟಿ ಮಿದುಳಿಗೆ ಹೋದ್ರೆ ಲಕ್ವ."

ಆಮೇಲೆ ಅವನ ವಾರ್ಷಿಕ ತಪಾಸಣೆಯ ಫೈಲು ಬಿಡಿಸಿಟ್ಟರು. ರಕ್ತದೊತ್ತಡ ಮೊದಲು 118, ಆಮೇಲೆ 124, 131, 139. ಈಗ 152.

"ವಯಸ್ಸೂ ಇದೆ, ಉಪ್ಪೂ ಇದೆ. ಆದ್ರೆ ದಿನದ ಆ ಎರಡು ಪೆಗ್ಗೂ ಸದ್ದಿಲ್ದೆ ಏರಿಸ್ತಾ ಬಂದಿದೆ. ಬಿಪಿ ಏರಿದ ಹೃದಯ ಇನ್ನೂ ಬೇಗ ತಾಳ ತಪ್ಪುತ್ತೆ."

ಸೊನ್ನೆಯಣ್ಣ ಆ ಅಂಕಿಗಳನ್ನು ಎರಡೆರಡು ಸಲ ಓದಿದ. ಪ್ರತಿವರ್ಷ ತಾನೇ ಸಹಿ ಹಾಕಿದ್ದ ಹಾಳೆಗಳು. ನಾಚಿಕೆಯಾಯಿತು.

ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡರು. ಬಡಿತ ತಾನಾಗಿಯೇ ಹದಕ್ಕೆ ಬಂತು, ಆದರೆ ಚಾಲಕನ ಕೆಲಸಕ್ಕೆ ಮೂರು ತಿಂಗಳು ತಡೆ ಬಿತ್ತು. ವರ್ಕ್‌ಶಾಪಿನಲ್ಲಿ ಟೈರು ಉರುಳಿಸಿದ, ಬಿಪಿ ಮಾತ್ರೆ ನುಂಗಿದ. ರಜೆಯ ದಿನ ಗೆಳೆಯರು, "ಒಂದೇ ಒಂದು ಹಾಕೋ, ಏನಾಗುತ್ತೆ?" ಎಂದು ಪೀಡಿಸಿದರು. "ಏನಾಗುತ್ತೆ ಅಂತ ನೋಡ್ಬಿಟ್ಟಿದೀನಿ" ಎಂದು ಎದ್ದು ಬಂದ. ಸಂಜೆ ಎಂಟಾಗುವವರೆಗೆ ಪೆಗ್ಗಿನ ನೆನಪು ಬಿಡುತ್ತಿರಲಿಲ್ಲ. ಹಲ್ಲು ಕಚ್ಚಿ ಹೆಂಡತಿಯ ಜೊತೆ ನಡೆಯಲು ಹೋಗುತ್ತಿದ್ದ.

ಮೂರು ತಿಂಗಳಿಗೆ ಇಸಿಜಿಯ ಗೀಟುಗಳ ಅಂತರ ಸಮನಾಗಿತ್ತು. ಒತ್ತಡ 128. ಮತ್ತೆ ಬಸ್ಸು ಓಡಿಸಬಹುದೆಂದು ಡಾಕ್ಟರಮ್ಮ ಸಹಿ ಹಾಕಿದರು.

ಮರುದಿನ ಗೇಟಿನಲ್ಲಿ ಊದಿದ.

"ಎಂದಿನಂತೆ ಸೊನ್ನೆ ಅಣ್ಣಾ!" ಎಂದು ನಕ್ಕ ಕಾವಲುಗಾರ.

"ಎಂದಿನಂತಲ್ಲ ಕಣೋ," ಎಂದ ಸೊನ್ನೆಯಣ್ಣ. "ನಿಜವಾದ ಸೊನ್ನೆ ಇದೇ ಮೊದಲ್ನೇದು."