ನಗುಮುಖಿಯ ಸಂಜೆ ಪಾಳಿ

ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ನನ್ನದು ಬೆಳಗಿನ ಪಾಳಿ, ನಗುಮುಖಿಯದು ಸಂಜೆಯದು. ಅವಳನ್ನು ನಾವೆಲ್ಲ ಕರೆಯುವುದೇ ಹಾಗೆ. ಸಂಜೆ ಬಂದವರೆಲ್ಲ ಅವಳನ್ನು ಹೊಗಳುವುದನ್ನು ಕೇಳಿ ಕೇಳಿ ನನ್ನ ಹೊಟ್ಟೆ ಉರಿಯುತ್ತಿತ್ತು. ಆ ಹೊತ್ತಿನಲ್ಲಿ ನಿಂತರೆ ಯಾರನ್ನಾದರೂ ಹೊಗಳುತ್ತಾರೆ, ಅದರಲ್ಲೇನು ಮಹಾ!

“ಶುಕ್ರವಾರ ಪಾಳಿ ಬದಲಾಯಿಸ್ಕೊಳ್ಳೋಣ್ವೇನೇ?” ಎಂದೆ. ನಾನು ಮಾತು ಮುಗಿಸುವ ಮೊದಲೇ ಒಪ್ಪಿದಳು.

“ಶುಕ್ರವಾರ ನಾವಿಬ್ರೂ ಅಡ್ಜಸ್ಟ್ ಮಾಡ್ಕೋತೀವಿ ಸರ್” ಎಂದು ಮ್ಯಾನೇಜರಿಗೆ ಮೆಸೇಜ್ ಹಾಕಿದೆ. ಅವರು ಕರೆಸಿದರು.

“ಇದೇನಮ್ಮಾ? ಒಬ್ರು ಬರ್ದಿದ್ರೆ ಯಾರನ್ನ ಕೇಳ್ಲಿ? ಯಾರ ಪಾಳಿ ಯಾರು ಮಾಡ್ತೀರಿ ಅಂತ ಬಿಡಿಸಿ ಬರಿ.”

ಅಲ್ಲೇ ನಿಂತು, ಅವಳ ನಿಜವಾದ ಹೆಸರು ಹಾಕಿ, ಅವಳಿಗೂ ಹೋಗುವಂತೆ ಹೊಸ ಮೆಸೇಜ್ ಬರೆದೆ: ಈ ಶುಕ್ರವಾರ ನನ್ನ ಬೆಳಗಿನ ಪಾಳಿಯನ್ನು ಅವರು ಮಾಡುತ್ತಾರೆ, ಅವರ ಸಂಜೆ ಪಾಳಿಯನ್ನು ನಾನು ಮಾಡುತ್ತೇನೆ. ಇಬ್ಬರೂ ಒಪ್ಪಿದ್ದೇವೆ. ದಯವಿಟ್ಟು ಅನುಮತಿ ಕೊಡಿ.

ನಗುಮುಖಿಯೂ ಕೂಡಲೇ ‘ಒಪ್ಪಿಗೆ’ ಎಂದು ಉತ್ತರ ಹಾಕಿದಳು.

“ಈಗ ಸರಿ,” ಎಂದರು ಮ್ಯಾನೇಜರ್. “ಅವ್ಳಿಗೂ ಖುಷಿ. ಬೆಳಗಿನ ಪಾಳಿಯವ್ರೇ ಪುಣ್ಯವಂತ್ರು ಅಂತ ದಿನಾ ನನ್ನ ತಲೆ ತಿಂತಿದ್ಳು.”

ಇಷ್ಟು ವರ್ಷ ನನಗೇ ಕಾಣದ್ದು ಅದೇನಿದೆ ನನ್ನ ಪಾಳಿಯಲ್ಲಿ?

“ಸರ್,” ಎಂದೆ, “ಅದನ್ನ ಕ್ಯಾನ್ಸಲ್ ಮಾಡ್ಬಿಡಿ.”