ಜುಮ್ಮು ಬಂತಾ?

ಮೇಷ್ಟ್ರು ಹಗ್ಗವನ್ನು ನೆಲದಿಂದ ಎತ್ತಲು ಬಿಡುತ್ತಿದ್ದುದು ಎಂಟೂ ಜನರ ಮುಖ ಕೆರೆಯಲು ಶುರುವಾದ ಮೇಲೆಯೇ. ಬಸ್ ಡಿಪೋದ ಹಿಂದೆ, ಹಳೆ ಟೈರುಗಳ ರಾಶಿಯ ಪಕ್ಕದ ಮೈದಾನದಲ್ಲಿ, ಸಂಜೆ ಆರಕ್ಕೆ ಹೆಂಗಸರ ಹಗ್ಗಜಗ್ಗಾಟದ ತಂಡ ಸಾಲಾಗಿ ನಿಲ್ಲುತ್ತಿತ್ತು. ಜಗ್ಗಿನಲ್ಲಿ ಪುಡಿ ಕಲಸಿದ ಕೆಂಪು ನೀರು, ಒಬ್ಬೊಬ್ಬರಿಗೂ ಒಂದೊಂದು ಲೋಟ. ಕುಡಿದು ಹತ್ತು ಹದಿನೈದು ನಿಮಿಷಕ್ಕೆ ಕೆನ್ನೆ, ಕಿವಿ, ಕತ್ತಿನ ಮೇಲೆ ಇರುವೆ ಹರಿದಂತೆ ಜುಮ್ಮೆನ್ನುತ್ತಿತ್ತು. ಮೇಷ್ಟ್ರು ಸಾಲಿನುದ್ದಕ್ಕೂ ನಡೆದು ಮುಖಗಳನ್ನು ಪರೀಕ್ಷಿಸುತ್ತಿದ್ದರು.

"ಜುಮ್ಮು ಬಂತಾ?"

"ಬಂತು ಮೇಷ್ಟ್ರೇ."

"ಹಂಗಾದ್ರೆ ಶಕ್ತಿ ಒಳಗೆ ಹೋಗಿದೆ. ಹಿಡೀರಿ."

ತಂಡಕ್ಕೆ ತರಬೇತಿ ಕೊಡುವ ಮೇಷ್ಟ್ರು ಡಿಪೋದ ಟೈರ್ ವಿಭಾಗದವರು. ಒಂದು ಕಾಲದಲ್ಲಿ ತಾವೇ ಹಗ್ಗ ಎಳೆದು ಭುಜ ಹಾಳುಮಾಡಿಕೊಂಡವರು. ಕೆಟ್ಟ ಮನುಷ್ಯರಲ್ಲ. ಆ ಪುಡಿಯ ಡಬ್ಬಿಯನ್ನು ಅವರಿಗೆ ಯಾವುದೋ ಜಿಮ್ಮಿನವನು ಪರಿಚಯಿಸಿದ್ದ. ಅಂದಿನಿಂದ ಅದು ತಂಡದ ಕಾಯಿದೆಯಾಗಿತ್ತು. ಎಂಟು ಜನ, ಒಂದು ಹಗ್ಗ, ಒಂದು ಜಗ್ಗು.

ಹಗ್ಗದ ಕಟ್ಟಕಡೆಯಲ್ಲಿ ನಿಲ್ಲುತ್ತಿದ್ದವಳು ಬೆಳಗಿನ ಮೊದಲ ಬಸ್ಸಿನ ಡ್ರೈವರ್. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಹಗ್ಗವನ್ನು ಕಂಕುಳ ಕೆಳಗಿಂದ ತಂದು ಬೆನ್ನಿನ ಮೇಲೆ ಓರೆಯಾಗಿ ಹಾಯಿಸಿ ಇನ್ನೊಂದು ಭುಜದ ಮೇಲಿಂದ ಮುಂದಕ್ಕೆಳೆದು, ಹಿಮ್ಮಡಿ ಊರಿ ಹಿಂದಕ್ಕೆ ವಾಲಿದಳೆಂದರೆ ಅವಳನ್ನು ಅಲುಗಿಸಲು ಕ್ರೇನ್ ತರಿಸಬೇಕು ಎಂದು ಡಿಪೋದಲ್ಲಿ ತಮಾಷೆ ಮಾಡುತ್ತಿದ್ದರು. ಅವಳಿಗೆ ಇಬ್ಬರು ಮಕ್ಕಳು, ಮಂಡಿನೋವಿನ ಅತ್ತೆ, ಊರಾಚೆ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬರುವ ಗಂಡ. ಇಡೀ ದಿನದಲ್ಲಿ ಅಮ್ಮಾ, ಡ್ರೈವರ್, ಸೊಸೆ ಎಂದು ಯಾರೂ ಕೂಗದ ಒಂದೇ ಒಂದು ಗಂಟೆ ಎಂದರೆ ಹಗ್ಗದ ಗಂಟೆ. ಅದನ್ನು ಯಾರಿಗೂ ಬಿಟ್ಟುಕೊಡುವ ಮನಸ್ಸು ಅವಳಿಗಿರಲಿಲ್ಲ.

ಆದರೆ ಆ ಗಂಟೆ ಅವಳ ರಾತ್ರಿಯನ್ನು ತಿನ್ನತೊಡಗಿತ್ತು. ಒಂಬತ್ತಕ್ಕೆ ಮಲಗಿದರೆ ಕಣ್ಣು ಮುಚ್ಚುತ್ತಿತ್ತು, ತಲೆ ಮುಚ್ಚುತ್ತಿರಲಿಲ್ಲ. ನಿದ್ದೆ ಹತ್ತಿದರೂ ತೆಳು ಬಟ್ಟೆಯಂಥ ನಿದ್ದೆ. ಇನ್ನೂ ಕತ್ತಲಿರುವಾಗಲೇ ಏಳಬೇಕು. ಎದ್ದ ಮಬ್ಬಿಗೆ ಎರಡು ಕಾಫಿ, ಮಧ್ಯಾಹ್ನದ ತೂಕಡಿಕೆಗೆ ಇನ್ನೊಂದು, ಸಂಜೆ ಮತ್ತೆ ಕೆಂಪು ನೀರು. ಬಾಲ ಹಿಡಿಯಲು ಹೊರಟ ನಾಯಿಯಂತೆ ಸುತ್ತಿದ್ದೇ ಸುತ್ತಿದ್ದು.

ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಕೆಂಪು ದೀಪ ಕಂಡದ್ದು ಅವಳಿಗೆ ನೆನಪಿದೆ. ಆಮೇಲೆ ನೆನಪಿರುವುದು ಭುಜದ ಮೇಲೆ ಬಿದ್ದ ಕೈ. ದೀಪ ಹಸಿರಾಗಿ ಮತ್ತೆ ಕೆಂಪಾಗುವುದರಲ್ಲಿತ್ತು. ಹಿಂದಿನ ಗಾಡಿಗಳು ಹಾರನ್ ಹೊಡೆಯುತ್ತಿದ್ದವು. ಕೈ ಕಂಡಕ್ಟರಳದು. ಹಗ್ಗದಲ್ಲಿ ಮೊದಲ ಸ್ಥಾನದ ಹುಡುಗಿ, ಸದಾ ಕೊರಳಲ್ಲಿ ಸೀಟಿ ನೇತಾಡುವುದರಿಂದ ಅವಳ ಹೆಸರೇ ಸೀಟಿ ಆಗಿಹೋಗಿತ್ತು. ಸೀಟಿ ಒಂದೇ ಒಂದು ಸಲ ಹಿಂದೆ ತಿರುಗಿ ಸೀಟುಗಳಲ್ಲಿ ಕೂತ ಜನರನ್ನು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅಂದು ಸಂಜೆ ಅಕ್ಕ ಲೋಟ ಮುಟ್ಟಲಿಲ್ಲ. ಪಂದ್ಯದ ದಿನ ಬೆಳಿಗ್ಗೆಯಾದರೆ ಕುಡಿಯುತ್ತೇನೆ, ಸಂಜೆ ಪ್ರಾಕ್ಟೀಸಿಗೆ ಬೇಡ ಎಂದಳು. ನಿದ್ದೆಯ ವಿಷಯ ಹೇಳಿದಳು, ಸಿಗ್ನಲ್ಲಿನ ವಿಷಯವನ್ನೂ ಮುಚ್ಚಿಡಲಿಲ್ಲ. ಮೇಷ್ಟ್ರು ತಾವೂ ಅದನ್ನೇ ಕುಡಿದು ಗೊರಕೆ ಹೊಡೆಯುವುದಾಗಿ ಹೇಳಿದರು. ಅದು ಸುಳ್ಳೂ ಆಗಿರಲಿಲ್ಲ, ಕೆಲವರಿಗೆ ಹಾಗೂ ಉಂಟು.

"ನೋಡಮ್ಮ, ಹಗ್ಗ ಒಂದೇ ಅಂದ್ರೆ ಕುಡಿಯೋದೂ ಒಂದೇ. ಒಬ್ಬಳು ತಣ್ಣಗಿದ್ರೆ ಇಡೀ ಹಗ್ಗ ತಣ್ಣಗಾಗುತ್ತೆ. ಬೇಡ ಅಂದ್ರೆ ಹೇಳು, ಟಿಕೆಟ್ ಕೌಂಟರಿನವಳು ಕಾಯ್ತಾ ಕೂತಿದ್ದಾಳೆ."

ಕೌಂಟರಿನವಳು ನಿಜಕ್ಕೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು, ತನ್ನ ಮಾತು ಬಂದಾಗ ಉಗುರು ನೋಡಿಕೊಂಡಳು.

ಅಕ್ಕ ಲೋಟ ಎತ್ತಿಕೊಂಡು ಕುಡಿದಳು. ಮುಖ ಜುಮ್ಮೆಂದಿತು. ಖಾಲಿ ಲೋಟ ಬೋರಲು ಹಾಕಿ ಹಗ್ಗದ ಕೊನೆಗೆ ಹೋದಳು.

ಭಾನುವಾರ ಮನೆಗೆ ಬಂದ ನಾದಿನಿಯ ಮುಂದೆ ಅವಳು ಆ ಡಬ್ಬಿಯ ಫೋಟೋ ಹಿಡಿದಳು. ನಾದಿನಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಹಿಂಭಾಗದ ಸಣ್ಣ ಅಕ್ಷರಗಳನ್ನು ದೊಡ್ಡದು ಮಾಡಿ ಓದಿ, ತಲೆ ಚಚ್ಚಿಕೊಂಡಳು. ಒಂದು ಚಮಚದಲ್ಲಿ ಸುಮಾರು ಮೂರು ಲೋಟ ಗಟ್ಟಿ ಕಾಫಿಯಷ್ಟು ಕೆಫೀನ್ ಇದೆ. ಅದರ ಅರ್ಧ ಇಳಿಯಲು ಐದಾರು ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಆರು ಗಂಟೆಗೆ ಕುಡಿದರೆ ನಡುರಾತ್ರಿಯಲ್ಲೂ ಒಂದೂವರೆ ಲೋಟ ಕಾಫಿ ಮೈಯಲ್ಲಿ ಎದ್ದು ಕೂತಿರುತ್ತದೆ ಎಂದು ಹೇಳಿದಳು.

"ನಿದ್ದೆ ಬಂದ್ರೂ ಆಳಕ್ಕೆ ಇಳಿಯಲ್ಲ ಅತ್ತಿಗೆ. ಮೇಲೇ ತೇಲ್ತಾ ಇರ್ತೀರಿ."

"ಆದ್ರೆ ಶಕ್ತಿ ಬರೋದು ಸುಳ್ಳಾ?"

ಸುಳ್ಳಲ್ಲ ಎಂದಳು ನಾದಿನಿ. ಕೆಫೀನಿನಿಂದ ಒಂದಿಷ್ಟು ಬಲ, ಗಮನ ಹೆಚ್ಚುವುದು ನಿಜವೇ, ಕುಡಿದು ಮುಕ್ಕಾಲು ಗಂಟೆಯಿಂದ ಒಂದು ಗಂಟೆಗೆ ಅದರ ಕಾವು ಚೆನ್ನಾಗಿರುತ್ತದೆ. ಆದರೆ ನಿದ್ದೆ ಕಳೆದುಕೊಂಡು ಅದನ್ನು ಗಳಿಸಿದರೆ ಎಡಗೈಯಲ್ಲಿ ಕೊಟ್ಟು ಬಲಗೈಯಲ್ಲಿ ಕಿತ್ತುಕೊಂಡ ಹಾಗೆ.

ಅಕ್ಕ ಜುಮ್ಮಿನ ವಿಷಯ ಕೇಳಿದಳು. ಮುಖ ಕೆರೆಯದಿದ್ದರೆ ಮೇಷ್ಟ್ರು ಹಗ್ಗ ಮುಟ್ಟಿಸುವುದಿಲ್ಲ.

ನಾದಿನಿ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಜುಮ್ಮಿಗೂ ಕೆಫೀನಿಗೂ ಸಂಬಂಧವೇ ಇಲ್ಲವಂತೆ. ಅದು ಬೀಟಾ ಅಲನಿನ್ ಎಂಬ ಬೇರೆಯೇ ವಸ್ತುವಿನದು. ಚರ್ಮದ ನರಗಳನ್ನು ಕೆಣಕುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಅದು ಕೆಲಸ ಮಾಡುವುದಾದರೂ ವಾರಗಟ್ಟಲೆ ದಿನಾ ತೆಗೆದುಕೊಂಡ ಮೇಲೆ, ಆ ಗಳಿಗೆಯಲ್ಲಲ್ಲ. ಅದೇ ಕಂಪನಿ ಕೆಫೀನ್ ಇಲ್ಲದ ಡಬ್ಬಿಯನ್ನೂ ಮಾರುತ್ತದೆ. ಅದೇ ಕೆಂಪು ಬಣ್ಣ, ಅದೇ ಹುಳಿ, ಅದೇ ಜುಮ್ಮು. ತಮ್ಮ ಅಂಗಡಿಯಲ್ಲೇ ಇದೆ, ಕೇಳುವವರಿಲ್ಲದೆ ಧೂಳು ತಿನ್ನುತ್ತಿದೆ.

ಅತ್ತಿಗೆ ನಾದಿನಿ ಮುಖ ಮುಖ ನೋಡಿಕೊಂಡರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅಕ್ಕ ಏಳು ಜನರಿಗೂ ಎಲ್ಲವನ್ನೂ ಬಿಡಿಸಿ ಹೇಳಿದಳು. ತನ್ನ ಲೋಟದಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಯಾರೂ ಕುಡಿಯಕೂಡದು ಎಂಬುದು ಅವಳ ಹಠ. ವಿಚಾರಿಸಿದರೆ ಅರ್ಧ ತಂಡಕ್ಕೆ ನಿದ್ದೆಯಿಲ್ಲ, ಒಬ್ಬೊಬ್ಬರೂ ತಮ್ಮ ತಮ್ಮ ಕಾರಣ ಕಟ್ಟಿಕೊಂಡಿದ್ದರು: ಸೆಕೆ, ಸೊಳ್ಳೆ, ವಯಸ್ಸು, ಗಂಡ. ವರ್ಕ್‌ಶಾಪಿನ ವೆಲ್ಡರಮ್ಮ ಮಾತ್ರ ತನಗೆ ಏನು ಕುಡಿದರೂ ನಿದ್ದೆ ಬರುತ್ತದೆ, ಆದರೂ ಮೇಷ್ಟ್ರ ಮೂತಿ ನೋಡಲಿಕ್ಕಾದರೂ ಜೊತೆಗಿರುತ್ತೇನೆ ಎಂದಳು. ಜಗ್ಗು ಕಲಸುವ ಕೆಲಸ ಹೇಗೂ ಸೀಟಿಯದು, ಹಳೆ ಡಬ್ಬಿಗೆ ಹೊಸ ಪುಡಿ ತುಂಬಿಕೊಟ್ಟರೆ ಮುಗಿಯಿತು.

ಮೊದಲ ಎರಡು ಮೂರು ದಿನ ಕಷ್ಟವೇ ಆಯಿತು. ಇಬ್ಬರಿಗೆ ತಲೆನೋವು, ಒಬ್ಬಳಿಗೆ ಕಾರಣವಿಲ್ಲದ ಸಿಟ್ಟು. ರೂಢಿಯಾದದ್ದು ಒಮ್ಮೆಲೇ ತಪ್ಪಿದರೆ ಹಾಗಾಗುತ್ತದೆಂದು ನಾದಿನಿ ಮೊದಲೇ ಎಚ್ಚರಿಸಿದ್ದಳು. ಅಕ್ಕ ಬೆಳಗಿನ ಕಾಫಿ ಉಳಿಸಿಕೊಂಡು ಮಧ್ಯಾಹ್ನದ್ದನ್ನು ಕೈಬಿಟ್ಟಳು. ಆ ವಾರದ ಕೊನೆಗೆ ಒಂದು ದಿನ ಅಲಾರಂ ಹೊಡೆದಾಗ ಅವಳಿಗೆ ತಾನೆಲ್ಲಿದ್ದೇನೆ ಎಂದೇ ತಿಳಿಯಲಿಲ್ಲ. ಅಷ್ಟು ಆಳದಿಂದ ಎದ್ದು ಬಂದಿದ್ದಳು.

ಮೇಷ್ಟ್ರು ಮಾತ್ರ ದಿನದಿನಕ್ಕೆ ಹಿಗ್ಗಿದರು. ಎಂಟು ಮುಖ ಕೆರೆಯುತ್ತಿದ್ದವು, ಹಗ್ಗ ಬಿಗಿಯಾಗಿತ್ತು, ಯಾರೂ ನಡುವೆ ಸೋತು ಕೂರುತ್ತಿರಲಿಲ್ಲ. ನೋಡಿದಿರಾ ಡಬ್ಬಿಯ ಮಹಿಮೆ ಎಂದು ಡ್ರೈವರುಗಳ ಮುಂದೆಲ್ಲ ಹೇಳಿಕೊಂಡರು. ಡಿಪೋಗಳ ನಡುವಿನ ಪಂದ್ಯಾವಳಿಯ ಫೈನಲ್ಲಿಗೆ ಚಮಚ ಒಂದು ಸಾಲದು, ಎರಡು ಹಾಕಬೇಕು ಎಂದೂ ತೀರ್ಮಾನಿಸಿದರು.

ಫೈನಲ್ ಇದ್ದದ್ದು ಬೆಳಿಗ್ಗೆ ಒಂಬತ್ತಕ್ಕೆ, ಪಕ್ಕದ ಡಿಪೋದ ತಂಡದ ಎದುರು. ಬೇಕೆನಿಸಿದವರೆಲ್ಲ ಒಂದು ಗಂಟೆ ಮುಂಚೆ ಫ್ಲಾಸ್ಕಿನಿಂದ ತಮಗೆ ರೂಢಿಯಿದ್ದಷ್ಟು ಕಾಫಿ ಕುಡಿದಾಗಿತ್ತು. ಬೆಳಿಗ್ಗೆ ಕುಡಿದದ್ದು ರಾತ್ರಿಯ ಹೊತ್ತಿಗೆ ಬಹುಮಟ್ಟಿಗೆ ಇಳಿದಿರುತ್ತದೆ. ಆಟಕ್ಕೆ ಸ್ವಲ್ಪ ಮುಂಚೆ ಮೇಷ್ಟ್ರು ಹೊಸ ಡಬ್ಬಿ ಒಡೆದು, ತಾವೇ ಕೈಯಾರೆ ಎರಡೆರಡು ಚಮಚ ಕಲಸಿ ಜಗ್ಗು ಹಿಡಿದುಕೊಂಡು ಬಂದರು.

ಸೀಟಿ ಅಕ್ಕನ ಮುಖ ನೋಡಿದಳು. ಕಾಫಿಯ ಮೇಲೆ ಆರು ಲೋಟ ಕಾಫಿಯಷ್ಟು ಒಂದೇ ಸಲಕ್ಕೆ. ಒಬ್ಬ ಮನುಷ್ಯ ಇಡೀ ದಿನದಲ್ಲಿ ಕುಡಿಯಬಹುದಾದ್ದಕ್ಕಿಂತ ಹೆಚ್ಚು.

"ಕುಡಿಯಲ್ಲ ಮೇಷ್ಟ್ರೇ," ಎಂದಳು ಅಕ್ಕ. "ಯಾರೂ ಕುಡಿಯಲ್ಲ."

"ಇಷ್ಟು ದಿನ ಕುಡಿದಿರಲ್ಲ?"

"ಇಷ್ಟು ದಿನ ಕುಡಿದದ್ದರಲ್ಲಿ ಕೆಫೀನೇ ಇರಲಿಲ್ಲ. ಡಬ್ಬಿಯ ಪುಡಿ ಬದಲಿಸಿದ್ದು ನಾನು."

"ಜುಮ್ಮು ಬರ್ತಿತ್ತಲ್ಲ? ನಾನೇ ನೋಡಿದ್ದೀನಿ."

"ಜುಮ್ಮು ಜುಮ್ಮೇ ಮೇಷ್ಟ್ರೇ. ಶಕ್ತಿ ನಮ್ಮದು."

ಅವರ ಕೈಯ ಜಗ್ಗು ಸ್ವಲ್ಪ ವಾಲಿ ಕೆಂಪು ನೀರು ಬೂಟಿನ ಮೇಲೆ ಚೆಲ್ಲಿತು. ರೆಫ್ರಿ ಕರೆದದ್ದರಿಂದ ಮಾತು ಅಲ್ಲಿಗೇ ನಿಂತಿತು.

ಮೊದಲ ಎಳೆತ ಇವರದಾಯಿತು. ಎರಡನೆಯದು ಎದುರಿನವರದು. ಮೂರನೆಯದರಲ್ಲಿ ಎರಡೂ ಕಡೆ ಹಗ್ಗ ಸತ್ತ ಹಾವಿನಂತೆ ನಿಂತುಬಿಟ್ಟಿತು, ತುಂಬ ಹೊತ್ತು. ಆಮೇಲೆ ಇಂಚು ಇಂಚಾಗಿ ಅತ್ತ ಸರಿಯಿತು. ಸೋತರು. ಎದುರಿನವರು ಇವರಿಗಿಂತ ಗಟ್ಟಿಗರಾಗಿದ್ದರು, ಅಷ್ಟೆ.

ಮೇಷ್ಟ್ರು ಅಷ್ಟೆ ಎನ್ನಲು ತಯಾರಿರಲಿಲ್ಲ. ಕುಡಿದಿದ್ದರೆ ಗೆಲ್ಲುತ್ತಿದ್ದೆವು ಎಂದರು. ಇರಬಹುದು ಎಂದಳು ಅಕ್ಕ. ಎರಡು ಚಮಚಕ್ಕೆ ಎದೆ ಡವಗುಟ್ಟಿ, ಕೈ ನಡುಗಿ, ಮೊದಲ ಎಳೆತದಲ್ಲೇ ಸೋಲಲೂಬಹುದಿತ್ತು. ತನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ತನಗೆ ಗೊತ್ತಿರುವುದು ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ಕೂರುವ ಜನ ಮಾತ್ರ. ಮೇಷ್ಟ್ರು ಅವಳ ಮುಖ ನೋಡದೆ, ನಾಳೆಯಿಂದ ಪ್ರಾಕ್ಟೀಸಿಗೆ ಬರಬೇಡ ಎಂದರು.

ಮರುದಿನ ಸಂಜೆ ಆರಕ್ಕೆ ಅಕ್ಕ ಬಂದಳು. ಎಂದಿನಂತೆ ಹಗ್ಗದ ಕೊನೆ ಎತ್ತಿ, ಕಂಕುಳಲ್ಲಿ ತೂರಿಸಿ, ಬೆನ್ನಿಗೆ ಹಾಯಿಸಿ, ಭುಜದಿಂದ ಮುಂದಕ್ಕೆ ತಂದು ಹಿಮ್ಮಡಿ ಊರಿದಳು. ಕೌಂಟರಿನವಳು ಬೂಟು ಕಟ್ಟಿಕೊಂಡು ಸಿದ್ಧಳಾಗಿದ್ದವಳು ಅಲ್ಲೇ ನಿಂತಳು.

"ಬರಬೇಡ ಅಂದಿದ್ದೆ," ಎಂದರು ಮೇಷ್ಟ್ರು. "ಜಾಗ ಬಿಡು."

"ಬಿಡಲ್ಲ."

"ತಂಡಕ್ಕೆ ಮೇಷ್ಟ್ರು ಯಾರು?"

"ನೀವೇ. ಹಗ್ಗದ ಮಾತು ನೀವು ಹೇಳಿ, ಒಂದೂ ಮೀರಲ್ಲ. ನನ್ನ ನಿದ್ದೆಗೆ ಮಾತ್ರ ನೀವು ಮೇಷ್ಟ್ರಲ್ಲ."

"ನಾನು ತೆಗೆದುಹಾಕಿದೀನಿ ಅಂದ್ರೆ ತೆಗೆದುಹಾಕಿದ ಹಾಗೆ."

"ತೆಗೀರಿ," ಎಂದಳು ಅಕ್ಕ. "ಆ ತುದಿ ಅಲ್ಲಿದೆ. ಎಳೆದು ತೆಗೀರಿ."

ಮೇಷ್ಟ್ರು ಹಾಳಾದ ಭುಜ ಮರೆತು, ನಿಜಕ್ಕೂ ಹೋಗಿ ಆ ತುದಿ ಹಿಡಿದರು. ಕೌಂಟರಿನವಳನ್ನು ಬಾ ಎಂದು ಕರೆದರು. ಅವಳು ಬಂದಳು, ಹಗ್ಗ ನೋಡಿದಳು, ಮೇಷ್ಟ್ರನ್ನು ದಾಟಿ ನಡೆದು ಸೀಟಿಯ ಮುಂದೆ ನಿಂತಳು. ತನಗೂ ಒಂದು ವಾರದಿಂದ ಅದನ್ನು ಕುಡಿದು ನಿದ್ದೆಯಿಲ್ಲ ಮೇಷ್ಟ್ರೇ, ಬೆಂಚಿನ ಮೇಲೆ ಕೂತವಳಿಗೆ ನಿಮ್ಮ ಸ್ವಂತ ಡಬ್ಬಿಯಿಂದ ಬೇರೆ ಲೋಟ ಕಲಸಿ ಕೊಟ್ಟವರು ನೀವೇ ಅಲ್ಲವೇ ಎಂದಳು. ವೆಲ್ಡರಮ್ಮ ಕೈಗೆ ಉಗುಳಿಕೊಂಡು ಹಗ್ಗ ಹಿಡಿದಳು. ಉಳಿದವರೂ ಹಿಡಿದರು.

ಮೇಷ್ಟ್ರು ಎಳೆದರು. ಅವರ ಹಿಮ್ಮಡಿಗಳು ಮಣ್ಣಿನಲ್ಲಿ ಎರಡು ಗೆರೆ ಕೊರೆಯುತ್ತಾ ಮುಂದೆ ಮುಂದೆ ಜಾರಿ ಬಂದವು. ಹಿಡಿತ ಮಾತ್ರ ಬಿಡಲಿಲ್ಲ, ಆ ಮಟ್ಟಿಗೆ ಅವರೂ ಹಗ್ಗದವರೇ.

"ಸೊಂಟ ಇಳಿಸು ಸೀಟಿ," ಎಂದರು ಕೊನೆಗೆ, ಹಲ್ಲು ಕಚ್ಚಿಕೊಂಡು, ಇನ್ನೂ ಎಳೆಯುತ್ತಲೇ. "ನೆಟ್ಟಗೆ ನಿಂತು ಎಳೀತಿದೀಯ."

ಸೀಟಿ ಸೊಂಟ ಇಳಿಸಿದಳು. ಮೇಷ್ಟ್ರು ಇನ್ನೊಂದು ಅಡಿ ಜಾರಿ ಬಂದರು.