ಹೇಸರಗತ್ತೆಗೂ ಹೊಟ್ಟೆಯಿದೆ

“ನಿನ್ನ ಸೈನ್ಯ ಇಲ್ಲೇ ಸತ್ತುಹೋಯ್ತಲ್ಲೇ!” ಎಂದು ಅತ್ತಿಗೆ ನಕ್ಷೆಯ ಮೇಲೆ ಪೆನ್ಸಿಲ್ ಕುಟ್ಟಿದಳು. ಕಾದಂಬರಿಗಾರ್ತಿ ನಾದಿನಿಯ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಬಿತ್ತು.

ಪುಸ್ತಕಗಳಿಗೆ ನಕ್ಷೆ ಬರೆಯುವುದೇ ಅತ್ತಿಗೆಯ ಕಸುಬು. ಇಲ್ಲದ ರಾಜ್ಯವಾದರೂ ಸರಿ, ಹೊಳೆ ಎಲ್ಲಿ ಹುಟ್ಟಿತೆಂದು ಕೇಳದೆ ಗೆರೆ ಎಳೆಯುವವಳಲ್ಲ. ನಾದಿನಿಯೋ, ತನ್ನ ಮೊದಲ ಕಾದಂಬರಿಯಲ್ಲಿ ಮರಳುಗಾಡಿನ ನಡುವೆ ಮಹಾನಗರ ಕಟ್ಟಿ, ಅಲ್ಲಿಯವರು ಏನು ತಿನ್ನುತ್ತಾರೆಂಬುದನ್ನೇ ಮರೆತವಳು! ಓದುಗರು ಬಿದ್ದು ಬಿದ್ದು ನಕ್ಕಿದ್ದರು. ಈ ಸಲವೂ ನಗೆಪಾಟಲಾದರೆ ಪ್ರಕಾಶಕರು ಮೂರನೆಯದನ್ನು ಮೂಸಿಯೂ ನೋಡುವುದಿಲ್ಲ. ಕೊನೆಯ ಅಧ್ಯಾಯ ಸಂಜೆಯೊಳಗೆ ಹೋಗಬೇಕಿತ್ತು.

ಆ ಅಧ್ಯಾಯದಲ್ಲಿ ರಾಣಿ ಹಿಮದ ಕಣಿವೆ ದಾಟಿ, ಶತ್ರುಗಳು ಮುತ್ತಿದ ಕೋಟೆಯಿಂದ ತಮ್ಮನನ್ನು ಬಿಡಿಸಲು ಭಾರೀ ಸೈನ್ಯದೊಡನೆ ಬರುತ್ತಾಳೆ.

“ಊಟ ಹೇಸರಗತ್ತೆಗಳ ಮೇಲಿದೆ ಅಂತ ಬರೆದಿದ್ದೀನಲ್ಲ ಅತ್ತಿಗೆ!”

“ಅವೇನು ಗಾಳಿ ಕುಡಿದು ನಡೀತವಾ? ಹಿಮದಲ್ಲಿ ಒಂದೆಳೆ ಹುಲ್ಲಿಲ್ಲ. ಅವುಗಳ ಮೇವನ್ನೂ ಅವೇ ಹೊರಬೇಕು. ದಾರಿ ಉದ್ದವಾದ್ರೆ ಹೊತ್ತದ್ದನ್ನೆಲ್ಲ ಅವೇ ತಿಂದು ಮುಗಿಸ್ತವೆ.”

“ಇನ್ನಷ್ಟು ಸೇರಿಸ್ತೀನಿ.”

“ಸೇರಿಸು, ಹೊಟ್ಟೆಗಳೂ ಜಾಸ್ತಿ ಆಗ್ತವೆ.”

“ಗಾಡಿ?”

“ಮೇಕೆಯೂ ಹೆದರೋ ದಾರಿ ಅಂತ ನೀನೇ ಬರೆದಿದ್ದೀಯಲ್ಲೇ ಮಾರಾಯ್ತಿ!”

ರಾಣಿಯ ಆ ತಮ್ಮನನ್ನು ನಾದಿನಿ ಪುಟಪುಟದಲ್ಲೂ ಹೆತ್ತ ಮಗನಂತೆ ಸಾಕಿದ್ದಳು. “ಹಾಗಾದ್ರೆ ಅವನು ಸಾಯ್ಲಿ ಅಂತೀರಾ?”

ಅತ್ತಿಗೆಗೆ ಪಾಪ ಅನ್ನಿಸಿತು, ಆದರೆ ಪೆನ್ಸಿಲ್ ಕೆಳಗಿಡಲಿಲ್ಲ. ನಾದಿನಿ ಮೂಗು ಒರೆಸಿಕೊಂಡು, ನಕ್ಷೆಯಲ್ಲಿ ಕೋಟೆಯ ಸುತ್ತ ತಾನೇ ಕೂರಿಸಿದ್ದ ಶತ್ರುಗಳನ್ನು ಕೆಕ್ಕರಿಸಿ ನೋಡಿದಳು. ಇವರಿಗೆ ಮಾತ್ರ ಹಸಿವಾಗುವುದಿಲ್ಲವೇ?

“ಅತ್ತಿಗೆ, ಈ ದರಿದ್ರದವರು ಏನು ತಿಂತಿದ್ದಾರೆ?”

“ಸುತ್ತಲ ಹಳ್ಳಿಗಳನ್ನ ಆಗಲೇ ಬಳಿದು ತಿಂದಿರ್ತಾರೆ. ಇನ್ನು ಧಾನ್ಯ ಬಯಲಿಂದ ಹೊಳೇಲಿ ದೋಣಿ ಮೇಲೆ ಬರಬೇಕು. ದೋಣಿ ಮೇವು ಕೇಳಲ್ಲ ನೋಡು.”

“ದಡದಿಂದ ಕೋಟೆ ಕಡೆಗೆ?”

“ಒಂದೇ ಸೇತುವೆ...” ಅತ್ತಿಗೆಯ ಮಾತು ಅಲ್ಲೇ ನಿಂತಿತು. “ಅಯ್ಯೋ ನನ್ನ ಚಿನ್ನ!”

ಹೊಸದಾಗಿ ಬರೆದ ಅಧ್ಯಾಯದಲ್ಲಿ ಭಾರೀ ಸೈನ್ಯ ಮನೆಯಲ್ಲೇ ಉಳಿಯಿತು. ರಾಣಿಯ ಜೊತೆ ಕೆಲವೇ ನೂರು ಜನ, ತಮ್ಮ ಬೆನ್ನಿಗಾಗುವಷ್ಟೇ ಬುತ್ತಿ ಕಟ್ಟಿಕೊಂಡು ಕಣಿವೆ ದಾಟಿದರು. ಇಕ್ಕಟ್ಟಾದ ಸೇತುವೆಯನ್ನೂ ಅದರಾಚೆ ಧಾನ್ಯ ತುಂಬಿ ನಿಂತಿದ್ದ ದೋಣಿಗಳನ್ನೂ ಹಿಡಿದು ಕೂತರು. ಶತ್ರುಗಳು ಎರಡು ಸಲ ನುಗ್ಗಿ ನೋಡಿದರು. ಮೂರನೆಯ ಸಲಕ್ಕೆ ಕಾಲಲ್ಲಿ ಕಸುವಿರಲಿಲ್ಲ.

ಅತ್ತಿಗೆ ನಕ್ಷೆಯಲ್ಲಿ ಸೇತುವೆಯನ್ನು ದಪ್ಪಗೆ ತಿದ್ದುತ್ತ, ನಾದಿನಿ ಓದಿದ್ದನ್ನು ಕೇಳಿದಳು. ಶತ್ರು ಸೇನಾಪತಿ ಒಬ್ಬನೇ ಸೇತುವೆಗೆ ಬಂದು ಕತ್ತಿ ಕೆಳಗಿಟ್ಟ. ಷರತ್ತು ಏನೆಂದು ರಾಣಿ ಕೇಳಿದಳು. ಅವನು ಅವಳ ಹಿಂದೆ ಕುದಿಯುತ್ತಿದ್ದ ಹಂಡೆಯನ್ನೇ ನೋಡುತ್ತ, “ಮೊದಲು ನನ್ನ ಹುಡುಗರಿಗೆ ಬಡಿಸಿ,” ಎಂದ.

ಅತ್ತಿಗೆಯ ಕಣ್ಣಲ್ಲಿ ನೀರು. “ಬಡಿಸಿದಳಾ?”

“ಬಡಿಸದೇ ಇರ್ತಾಳಾ ಅತ್ತಿಗೆ?” ಎಂದು ನಾದಿನಿ ಪುಟ ತಿರುವಿದಳು. “ಪಂಕ್ತೀಲಿ ಅವಳ ತಮ್ಮನೂ ಕೂತಿದ್ದಾನೆ.”